ಗ್ರಾಹಕರು ಜಾರಿ ಬಿದ್ದರೆ ಮೊದಲು ಎತ್ತಬೇಡಿ

ಹೋಟೆಲ್‌ನಲ್ಲಿ ಯಾರಾದರೂ ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಆಗುವುದು ಹೆಚ್ಚು ಕಡಿಮೆ ಒಂದೇ. ಇಬ್ಬರು ಸಪ್ಲೈಯರ್‌ಗಳು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಇನ್ನೊಬ್ಬರು ನೀರು ಕೊಡುತ್ತಾರೆ. ಮತ್ತೊಬ್ಬರು ತಕ್ಷಣ ನೆಲ ಒರೆಸಿಬಿಡುತ್ತಾರೆ. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಮಾಡಿದ್ದೆಲ್ಲ ತಪ್ಪು.

1. ಜಾಗ ತಡೆಯಿರಿ. ಒಬ್ಬರು ಅಲ್ಲೇ ನಿಂತು ಬೇರೆಯವರು ಆ ಕಡೆ ಬರದಂತೆ ನೋಡಿಕೊಳ್ಳಲಿ. ಅಷ್ಟೇ.

2. ಕೂತು ಮಾತಾಡಿಸಿ. ಎಲ್ಲರೂ ಎಡವುವುದು ಇಲ್ಲೇ.

ಒಂದು ಉದಾಹರಣೆ ನೋಡೋಣ. ಮಳೆಗಾಲದ ಸಂಜೆ, ಕೈ ತೊಳೆಯುವ ಜಾಗದ ಹತ್ತಿರ ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಬಲಗಡೆಗೆ ಬಿದ್ದಿದ್ದಾರೆ. "ಏನೂ ಆಗಿಲ್ಲಪ್ಪ, ಕೈ ಕೊಡು, ಏಳ್ತೀನಿ" ಅಂತಾರೆ. ಅದನ್ನು ನಂಬಬೇಡಿ. ನಾಲ್ಕು ಜನರ ಮುಂದೆ ಬಿದ್ದ ಸಂಕೋಚಕ್ಕೆ ಎಲ್ಲರೂ ಹಾಗೇ ಹೇಳುತ್ತಾರೆ. ಪಕ್ಕದಲ್ಲಿ ಕೂತು, "ಅಮ್ಮಾ, ಆತುರ ಬೇಡ, ಎರಡು ನಿಮಿಷ ಹಾಗೇ ಇರಿ" ಅನ್ನಿ.

ಮೊದಲು ತಲೆ, ಕುತ್ತಿಗೆ. ತಲೆಗೆ ಪೆಟ್ಟು ಬಿತ್ತಾ, ಕುತ್ತಿಗೆ ನೋಯುತ್ತಾ, ಕೈಕಾಲು ಜೋಮು ಹಿಡಿದಿದೆಯಾ ಅಂತ ಕೇಳಿ. ಕುತ್ತಿಗೆ ನೋವು ಅಥವಾ ಜೋಮು ಇದ್ದರೆ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ ಅಂತಲೂ ಕೇಳಿ. ಹೌದು ಅಂದರೆ, ತಲೆಗೆ ಸಣ್ಣ ಪೆಟ್ಟು ಬಿದ್ದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ರಕ್ತ ನಿಧಾನವಾಗಿ ಸೋರಿದರೆ ಆ ಹೊತ್ತಿಗೆ ಹೊರಗೆ ಏನೂ ಕಾಣುವುದಿಲ್ಲ.

ಆಮೇಲೆ ಸೊಂಟದ ಕೀಲು. ವಯಸ್ಸಾದವರು ಪಕ್ಕಕ್ಕೆ ಬಿದ್ದಾಗ ಮುರಿಯುವುದು ಜಾಸ್ತಿ ಇದೇ. ಎರಡೂ ಪಾದ ನೋಡಿ. ಒಂದು ಕಾಲು ಗಿಡ್ಡವಾದಂತೆ ಕಂಡು, ಪಾದ ಹೊರಗಡೆಗೆ ತಿರುಗಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಎತ್ತಿ ನಿಲ್ಲಿಸಿದರೆ ಮುರಿದ ತುದಿಗಳು ಇನ್ನಷ್ಟು ಜರುಗುತ್ತವೆ. ಕಾಲು ಸರಿಯಾಗಿಯೇ ಕಂಡರೂ ತೊಡೆಸಂದಿನಲ್ಲಿ ನೋವು ಅಂದರೆ ಎಕ್ಸ್‌ರೇ ಆಗುವವರೆಗೆ ನಡೆಸಬೇಡಿ. ಸಣ್ಣ ಬಿರುಕು ಬಿಟ್ಟ ಮೂಳೆಯಲ್ಲೂ ಕೆಲವರು ನಾಲ್ಕು ಹೆಜ್ಜೆ ಇಡುತ್ತಾರೆ.

ಇಂಥ ನೋವಿದ್ದವರಿಗೆ ನೀರು, ಕಾಫಿ ಕೊಡಬೇಡಿ. ಆಪರೇಷನ್ ಬೇಕಾದರೆ ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಮುಲಾಮು ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ.

ಯಾವ ನೋವೂ ಇಲ್ಲದಿದ್ದರೆ ಅವರೇ ಏಳಲಿ. ಮಗ್ಗುಲಿಗೆ ಹೊರಳಿ, ಮಂಡಿಯೂರಿ, ಎದುರಿಗಿಟ್ಟ ಕುರ್ಚಿ ಹಿಡಿದು ಎದ್ದು, ಹಿಂದೆ ಇಟ್ಟ ಇನ್ನೊಂದು ಕುರ್ಚಿಯಲ್ಲಿ ಕೂರಬೇಕು. ನಿಮ್ಮ ಕೆಲಸ ಕುರ್ಚಿ ಜಾರದಂತೆ ಹಿಡಿಯುವುದು. ಕಂಕುಳಿಗೆ ಕೈ ಹಾಕಿ ಎಳೆದರೆ ಅವರ ಭುಜ, ನಿಮ್ಮ ಬೆನ್ನು ಎರಡೂ ಕೆಡುತ್ತವೆ.

3. ಮಾತು ಸರಿಯಿರಲಿ. "ನೋಡ್ಕೊಂಡು ನಡೀಬಾರದಾ" ಅನ್ನುವ ಸಿಬ್ಬಂದಿಯನ್ನು ಅಲ್ಲಿಂದ ಕಳಿಸಿ. "ಹೀಗಾಗಿದ್ದಕ್ಕೆ ಬೇಜಾರಾಯ್ತು, ನಾವು ಜೊತೆಗಿರ್ತೀವಿ" ಅಂದರೆ ಸಾಕು. ನೋವಿನಲ್ಲಿರುವವರ ಹತ್ತಿರ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ.

4. ಒರೆಸುವ ಮೊದಲು ಫೋಟೋ. ನೀರು ಎಲ್ಲಿತ್ತು, ಎಚ್ಚರಿಕೆಯ ಬೋರ್ಡ್ ಎಲ್ಲಿತ್ತು, ಅವರ ಚಪ್ಪಲಿ ಎಂಥದ್ದು ಎಂಬುದು ಕಾಣಬೇಕು. ಸಮಯ, ನೋಡಿದವರ ಹೆಸರು, ಬಿದ್ದವರು ಹೇಳಿದ ಮಾತನ್ನು ಅವತ್ತೇ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಊಹೆ ಬೇಡ. ಸಿಸಿಟಿವಿ ಯಂತ್ರ ಹಳೆಯ ದೃಶ್ಯದ ಮೇಲೆ ಹೊಸದನ್ನು ತುಂಬಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಅವತ್ತೇ ಪೆನ್ ಡ್ರೈವ್‌ಗೆ ಇಳಿಸಿಕೊಳ್ಳಿ. ಬಿದ್ದ ಕ್ಷಣ ಮಾತ್ರ ಅಲ್ಲ, ಅದಕ್ಕೆ ಮುಂಚಿನ ಒಂದು ಗಂಟೆಯೂ ಬೇಕು. ನೀರು ಯಾವಾಗ ಚೆಲ್ಲಿತು, ಎಷ್ಟು ಹೊತ್ತು ಹಾಗೇ ಇತ್ತು ಎಂಬುದು ಅಲ್ಲೇ ಗೊತ್ತಾಗುವುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಅವಕಾಶವಿದೆ. ಅಷ್ಟು ದಿನ ಯಾರಿಗೂ ಎಲ್ಲ ನೆನಪಿರುವುದಿಲ್ಲ ಅಲ್ವಾ?

5. ಜಾರಿದ್ದು ಯಾಕೆ ಅಂತ ಹುಡುಕಿ. ಬರೀ ನೀರಲ್ಲ, ಎಷ್ಟೋ ಸಲ ಕಾರಣ ಸೋಪು. ಬಕೆಟ್‌ಗೆ ಕೈಗೆ ಬಂದಷ್ಟು ಸೋಪಿನ ದ್ರಾವಣ ಸುರಿದು ಒರೆಸಿದರೆ ನೆಲದ ಮೇಲೆ ತೆಳು ಪದರ ಉಳಿಯುತ್ತದೆ. ಒಣಗಿದಾಗ ಗೊತ್ತಾಗುವುದಿಲ್ಲ, ಒದ್ದೆ ಕಾಲು ಬಿದ್ದಾಗ ಜಾರುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಅಳೆದು ಹಾಕಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣ ಮಾಪ್ ಎಳೆಯಿರಿ. ಘಮಘಮ ಅನ್ನುವ ಅಗ್ಗದ ಫಿನಾಯಿಲ್ ದೋಸೆ ಕಾವಲಿ ಹತ್ತಿರದ ಎಣ್ಣೆ ಜಿಡ್ಡನ್ನು ತೆಗೆಯುವುದಿಲ್ಲ. ಅದಕ್ಕೆ ಬಿಸಿನೀರು, ಸೋಪು, ಬ್ರಷ್ಷೇ ಬೇಕು.

ಬಾಗಿಲಲ್ಲಿ ಗೋಣಿಚೀಲ ಹಾಸುವ ಅಭ್ಯಾಸ ಬಿಡಿ. ಅದು ತಾನೂ ಜಾರುತ್ತದೆ, ಕಾಲಿಗೂ ಸಿಕ್ಕಿಕೊಳ್ಳುತ್ತದೆ. ಅಡಿಗೆ ರಬ್ಬರ್ ಇರುವ ಮ್ಯಾಟ್ ಹಾಕಿ. ಹಳದಿ ಬೋರ್ಡನ್ನು ಇಡೀ ದಿನ ಮೂಲೆಯಲ್ಲಿ ನಿಲ್ಲಿಸಿದರೆ ಯಾರೂ ಗಮನಿಸುವುದಿಲ್ಲ. ಒದ್ದೆಯಾದಾಗ ಇಡಿ, ಒಣಗಿದ ಮೇಲೆ ತೆಗೆಯಿರಿ.

6. ಮರುದಿನ ಫೋನ್ ಮಾಡಿ. ತಲೆನೋವು ಹೆಚ್ಚಾಗಿದೆಯಾ, ವಾಂತಿಯಾಯಿತಾ, ಮಂಪರು ಇದೆಯಾ ಅಂತ ಮನೆಯವರನ್ನೇ ಕೇಳಿ. ಒಂದಕ್ಕೆ ಹೌದು ಅಂದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ.