‘ಪೊರೆಗೆ’ ಬಿಡಿಸಿದ ಮೇಲೆ ಉಳಿದದ್ದು ಸುಲಭವಾಯಿತು

ಐವತ್ತಕ್ಕೆ ಒಂದೆರಡು ಕಡಿಮೆ ಕಂದಪದ್ಯಗಳಿರುವ ಒಂದು ಹಳಗನ್ನಡ ಶಿವಸ್ತುತಿಗೆ ಪದಶಃ ಹೊಸಗನ್ನಡ ಅರ್ಥ ಬರೆದು ಮುಗಿಸಿದೆ. ‘ಭಾವಾರ್ಥ ಬರೆದರೆ ಸಾಕು, ಪ್ರತಿ ಪದದ ಕೆಳಗೂ ಅರ್ಥ ಕೊಟ್ಟರೆ ಯಾರು ಓದುತ್ತಾರೆ?’ ಎಂದವರೇ ಈಗ ಪ್ರತಿ ಕೇಳುತ್ತಿದ್ದಾರೆ.

ಮೊದಲ ಸಲ ಕೈಸುಟ್ಟುಕೊಂಡಿದ್ದೆ. ‘ದೇವನೆಮ್ಮಂ ಪೊರೆಗೆ’ ಎಂಬಲ್ಲಿ ‘ಗೆ’ ಕಂಡದ್ದೇ ಚತುರ್ಥಿ ಎಂದುಕೊಂಡೆ. ಪೊರೆ ಎಂದರೆ ಪಕ್ಕ, ಬಳಿ ಎಂಬ ಅರ್ಥವೂ ಇದೆಯಲ್ಲ. ‘ದೇವನ ಬಳಿಗೆ ನಮ್ಮನ್ನು (ಕರೆದೊಯ್ಯಲಿ)’ ಎಂದು ಬರೆದೆ. ಆವರಣದೊಳಗಿನ ಕ್ರಿಯಾಪದ ನನ್ನದು, ಕವಿಯದಲ್ಲ. ಹೀಗೇ ಎಂಟು ಹತ್ತು ಕಡೆ ತಪ್ಪಿ, ಅಚ್ಚಾದ ಹಾಳೆಗಳನ್ನು ಹಿಂದಕ್ಕೆ ತರಿಸಿಕೊಂಡೆ. ಸುಮಾರು ಆರು ಸಾವಿರ ರೂಪಾಯಿ ಹೋಯಿತು. ಪದ್ಯಕ್ಕೆ ನಲವತ್ತರಂತೆ ಸಿಗಬೇಕಿದ್ದ ಸಂಭಾವನೆಯ ಮೂರು ಪಟ್ಟು ಅದು.

ಆಮೇಲೆ ಒಂದು ಕಟ್ಟಳೆ ಮಾಡಿಕೊಂಡೆ: ಪದ್ಯದಲ್ಲಿಲ್ಲದ ಕ್ರಿಯಾಪದವನ್ನು ನಾನು ಸೇರಿಸಬೇಕಾಗಿ ಬಂದರೆ, ಯಾವುದೋ ಕ್ರಿಯಾಪದವನ್ನು ನಾಮಪದವೆಂದು ಓದಿದ್ದೇನೆ ಎಂದೇ ಅರ್ಥ. ಹಾಗಾಗಿ ವಿಭಕ್ತಿ ಮುಟ್ಟುವ ಮುಂಚೆ ಕ್ರಿಯೆ ಹುಡುಕುತ್ತೇನೆ. ಇಲ್ಲಿ ‘ಪೊರೆಗೆ’ ಎಂದರೆ ಕಾಪಾಡಲಿ. ಯಾರು? ದೇವಂ, ಪ್ರಥಮೆ, ಸಂಧಿಯಲ್ಲಿ ಬಿಂದು ನಕಾರವಾಗಿ ‘ದೇವನೆಮ್ಮಂ’ ಆಗಿದೆ, ಷಷ್ಠಿಯಲ್ಲ. ಯಾರನ್ನು? ಎಮ್ಮಂ, ನಮ್ಮನ್ನು. ‘ದೇವನು ನಮ್ಮನ್ನು ಕಾಪಾಡಲಿ.’ ಸೇರಿಸುವುದಕ್ಕೆ ಏನೂ ಉಳಿಯಲಿಲ್ಲ.

ಅದೇ ಧಾತು ಬೇರೆ ಪದ್ಯಗಳಲ್ಲೂ ಕಾಡಿತು. ‘ಪೊರೆದಂ’ ಕಾಪಾಡಿದನು, ‘ಪೊರೆವಂ’ ಕಾಪಾಡುವನು. ‘ಪೊರೆದಪಂ’ ಅಚ್ಚಿನ ತಪ್ಪೆಂದು ಕರಡು ತಿದ್ದಿದವರು ‘ಪ’ ಹೊಡೆದುಹಾಕಿದ್ದರು. ಅದು ಕಾಪಾಡುತ್ತಾನೆ, ಸಂದರ್ಭ ಕೇಳಿದರೆ ಕಾಪಾಡುವನು ಎಂದೂ ಆಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ‘ಪೊರೆಯಂ’. ನಾಮಪದವಾದರೆ ಪೊರೆಯನ್ನು, ಕ್ರಿಯೆಯಾದರೆ ಕಾಪಾಡನು! ಭಕ್ತ ದೇವರನ್ನು ದೂರುತ್ತಿದ್ದಾನೋ ಇಲ್ಲವೋ ಎಂಬುದು ಆ ಒಂದು ಪದದ ಮೇಲೆ ನಿಂತಿತ್ತು. ಪದ್ಯದಲ್ಲಿ ಬೇರೆ ಪೂರ್ಣಕ್ರಿಯೆ ಇರಲಿಲ್ಲ, ಆದ್ದರಿಂದ ದೂರುತ್ತಿದ್ದಾನೆ ಎಂದೇ ಬರೆದೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಪದಗಳನ್ನೆಲ್ಲ ಕೊನೆಯಕ್ಷರದ ಪ್ರಕಾರ ಕಂಪ್ಯೂಟರಿನಲ್ಲಿ ಜೋಡಿಸಿದೆ. ‘ಗೆ’ಯಲ್ಲಿ ಮುಗಿಯುವವು ಮೂವತ್ತರ ಆಸುಪಾಸು ಸಿಕ್ಕವು, ಅವುಗಳಲ್ಲಿ ಒಂಬತ್ತೋ ಹತ್ತೋ ಕ್ರಿಯಾಪದಗಳು. ಒಂದು ಸಂಜೆಯ ಕೆಲಸ, ವಾರಗಟ್ಟಲೆಯ ದುಡಿಮೆ ಉಳಿಸಿತು.

ಲಿಪಿಕಾರ ಬಿಂದು ಬಿಟ್ಟ ಕಡೆ ಕಂದದ ನಾಲ್ಕು ಮಾತ್ರೆಯ ಗಣವೇ ಹಿಡಿದುಕೊಟ್ಟಿತು. ‘ದೇವ’ ಮೂರು ಮಾತ್ರೆ, ‘ದೇವಂ’ ನಾಲ್ಕು. ಗಣ ಒಂದು ಮಾತ್ರೆ ಕುಂಟಿದರೆ ನಾನು ಮೊದಲು ಹುಡುಕುವುದು ಕಳೆದುಹೋದ ಬಿಂದುವನ್ನು. ಶ್ಲೇಷವಿರುವ ನಾಲ್ಕು ಪದ್ಯಗಳನ್ನು ಬಿಡಿಸಿದ ಉಪಾಯ ಬೇರೆಯೇ ಇದೆ. ಮುಂದಿನ ಸ್ತುತಿ ಮುಗಿಯುವ ತನಕ ಅದು ನನ್ನಲ್ಲೇ ಇರಲಿ.