ಚೌತಿಯ ರಸಾಯನಕ್ಕೆ ಮುಂಡಪ್ಪದ ತಿರುಳು: ನಾನು ಇಡುವ ರೀತಿ

ಫ್ರೀಜರ್‌ನಲ್ಲಿಟ್ಟ ಮೇಲೆ ಮಾವಿನ ತಿರುಳು ಹುಳಿ ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಚಳಿಗೆ ಎಲ್ಲ ಯೀಸ್ಟ್ ಸಾಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ ಅಷ್ಟೆ. ಉಡುಪಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ತಿರುಳು ಕರಗಿದರೆ ಮತ್ತೆ ಶುರು ಮಾಡುತ್ತದೆ. ಅದಕ್ಕೇ ನಾನು ಫ್ರೀಜರ್‌ಗೆ ಇಡುವ ಮೊದಲು ತಿರುಳನ್ನು ಬಿಸಿ ಮಾಡುತ್ತೇನೆ.

ನಮ್ಮಲ್ಲಿ ಇದಕ್ಕೆ ಮುಂಡಪ್ಪವೇ ಒಳ್ಳೆಯದು. ನಾರು ಕಡಿಮೆ, ರಸ ಜಾಸ್ತಿ. ಹಣ್ಣು ಪೂರ್ತಿ ಮಾಗಿರಬೇಕು, ಆದರೆ ಕಪ್ಪು ಕಲೆ ಬಿದ್ದದ್ದು, ಒಡೆದದ್ದು ಬೇಡ. ಮಳೆ ಬಿದ್ದ ಮೇಲಿನ ಹಣ್ಣಿನಲ್ಲಿ ಹುಳ ಇರುವುದುಂಟು, ಹಾಗಾಗಿ ಮೇ ತಿಂಗಳಲ್ಲೇ ಮುಗಿಸುತ್ತೇನೆ. ಚೆನ್ನಾಗಿ ತೊಳೆದು, ಒರೆಸಿ, ತೊಟ್ಟಿನ ಕಡೆ ಸ್ವಲ್ಪ ಕತ್ತರಿಸಿ ಬಿಡುತ್ತೇನೆ, ಸೊನೆ ಅಲ್ಲೇ ಇರುವುದು. ಗೊರಟನ್ನು ಗಟ್ಟಿಯಾಗಿ ಕೆರೆಯುವುದಿಲ್ಲ. 5 ಕೆಜಿ ಹಣ್ಣಿಗೆ ಎರಡೂವರೆಯಿಂದ ಮೂರು ಕೆಜಿಯಷ್ಟು ತಿರುಳು ಸಿಗುತ್ತದೆ. ಮಿಕ್ಸಿಯಲ್ಲಿ ನೀರು ಹಾಕದೆ, ಜಾಸ್ತಿ ಹೊತ್ತು ತಿರುಗಿಸದೆ ಅರೆದು ಸೋಸುತ್ತೇನೆ. ಹೆಚ್ಚು ತಿರುಗಿಸಿದರೆ ಗಾಳಿ ಸೇರುತ್ತದೆ, ಬಣ್ಣ ಕೆಡುವುದಕ್ಕೆ ಗಾಳಿಯೂ ಒಂದು ಕಾರಣ.

ಕಿಲೋ ತಿರುಳಿಗೆ ಅರ್ಧ ಚಮಚ ಸಿಟ್ರಿಕ್ ಆಸಿಡ್ ಹಾಕುತ್ತೇನೆ. ಮುಂಡಪ್ಪ ಸಿಹಿ ಜಾಸ್ತಿ, ಹುಳಿ ಕಡಿಮೆ. ಹುಳಿ ಸ್ವಲ್ಪ ಏರಿದರೆ ಬಣ್ಣ ನಿಲ್ಲುತ್ತದೆ. ಸ್ಟೀಲ್ ಪಾತ್ರೆಯನ್ನೇ ಬಳಸುತ್ತೇನೆ, ಕಬ್ಬಿಣದ್ದು ತಾಗಿದರೆ ತಿರುಳು ಕಪ್ಪಾಗುತ್ತದೆ. ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ತಿರುವುತ್ತಾ ಇರಬೇಕು. 85ರಿಂದ 90 ಡಿಗ್ರಿ ಬಂದ ಮೇಲೆ ಎರಡು-ಮೂರು ನಿಮಿಷ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಅಂಚಿನಲ್ಲಿ ಗುಳ್ಳೆ ಏಳುವುದನ್ನು ನೋಡಿ, ಹಬೆ ಚೆನ್ನಾಗಿ ಬರಬೇಕು. ಮುಖಕ್ಕೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಹಿಡಿಯಿರಿ. ಇಷ್ಟು ಬಿಸಿಯಲ್ಲಿ ಯೀಸ್ಟ್ ಸಾಯುತ್ತದೆ, ತಿರುಳನ್ನು ಕಂದಾಗಿಸುವ ಕಿಣ್ವಗಳೂ ನಿಲ್ಲುತ್ತವೆ. ಜಾಸ್ತಿ ಕುದಿಸಿದರೆ ಮಾತ್ರ ಹಸಿ ಹಣ್ಣಿನ ಪರಿಮಳ ಹೋಗಿ ಜಾಮಿನ ವಾಸನೆ ಬರುತ್ತದೆ.

ಆಮೇಲೆ ಪಾತ್ರೆಯನ್ನು ಮುಚ್ಚಿ ಐಸ್ ನೀರಿನಲ್ಲಿ ಇಟ್ಟು ಬೇಗ ತಣಿಸಬೇಕು. ಒಣಗಿದ ಸೌಟಿನಿಂದ ಜಿಪ್ ಚೀಲಗಳಿಗೆ ಅರ್ಧ ಕಿಲೋದಂತೆ ತುಂಬಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಮಲಗಿಸುತ್ತೇನೆ. ತೆಳ್ಳಗಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ಡಬ್ಬಕ್ಕೆ ಹಾಕುವುದಾದರೆ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ಹಿಗ್ಗುತ್ತದಲ್ವಾ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು.

ಕರೆಂಟ್ ಹೋದದ್ದು ಗೊತ್ತಾಗಲೆಂದು ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಟ್ಟಿರುತ್ತೇನೆ. ನಾಣ್ಯ ತಳಕ್ಕೆ ಇಳಿದಿದ್ದರೆ ಒಳಗಿನದ್ದು ಒಮ್ಮೆ ಕರಗಿದೆ ಎಂದರ್ಥ. ಆಗ ಚೀಲಗಳನ್ನು ಒಂದೊಂದಾಗಿ ನೋಡಬೇಕು. ಚೀಲ ಉಬ್ಬಿದ್ದರೆ, ಗುಳ್ಳೆ ಇದ್ದರೆ, ಕಳ್ಳಿನ ವಾಸನೆ ಬಂದರೆ ಎಸೆಯುವುದೇ ಸರಿ.

ಬೇಕಾದಾಗ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ ಕರಗಿಸುತ್ತೇನೆ, ಮತ್ತೆ ಫ್ರೀಜ್ ಮಾಡುವುದಿಲ್ಲ. ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿಸುವುದು ಬಡಿಸುವ ಸ್ವಲ್ಪ ಮುಂಚೆ.