ಪ್ರೀತಿ ಹುಟ್ಟುವ ಮೊದಲಿನ ತಿಂಗಳುಗಳು: ನನ್ನ ಅನುಭವ

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ನಾನು ತಿಪಟೂರಿನವಳು. ಇವರು ಮಂಡ್ಯದ ಕಡೆಯವರು, ಕೆಲಸ ಬೆಂಗಳೂರಿನ ಪೀಣ್ಯದಲ್ಲಿ. ಜಾತಕ ಕೂಡಿತು, ಹಿರಿಯರು ಒಪ್ಪಿದರು, ಬೇಡ ಅನ್ನಲು ನಮಗೂ ಕಾರಣ ಸಿಗಲಿಲ್ಲ. ನಿಶ್ಚಿತಾರ್ಥ ಆದ ಮೇಲೆ ದಿನಾ ಫೋನ್ ಮಾಡುತ್ತಿದ್ದರು. "ಊಟ ಆಯ್ತಾ?" "ಆಯ್ತು, ನಿಮ್ಮದು?" ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮದುವೆಯ ಗಡಿಬಿಡಿಯಲ್ಲಿ ಇದು ಗೊತ್ತಾಗಲ್ಲ. ಬೀಗರ ಔತಣ, ಮನೆದೇವರು, ನೆಂಟರ ಮನೆ ಊಟ ಅಂತ ಸುತ್ತಲೂ ಜನ. ಎಲ್ಲರೂ ಹೋಗಿ ಇಬ್ಬರೇ ಉಳಿದಾಗ ಮುಜುಗರ ಶುರು. ಕೊಡಗಿಗೆ ಹನಿಮೂನ್ ಹೋದದ್ದು ಇನ್ನೂ ಕಷ್ಟವಾಯಿತು. ಪರಿಚಯವೇ ಸರಿಯಾಗಿ ಆಗದವರನ್ನು ಒಂದು ಕೋಣೆಗೆ ಸೇರಿಸಿ ಖುಷಿಯಾಗಿರಿ ಅಂದರೆ ಹೇಗೆ? ಫೋಟೋ ಮಾತ್ರ ಚೆನ್ನಾಗಿ ಬಂದವು. ನನ್ನ ಕೇಳಿದರೆ, ಆ ಪ್ರವಾಸವನ್ನು ಆರು ತಿಂಗಳು ಮುಂದಕ್ಕೆ ಹಾಕುವುದೇ ಒಳ್ಳೆಯದು.

ಒಂದು ಭಾನುವಾರ ಇಬ್ಬರೂ ಬಟ್ಟೆ ಮಡಚುತ್ತಿದ್ದಾಗ ನಾನೇ ಬಾಯಿಬಿಟ್ಟೆ. "ರೀ, ನನಗೆ ನಿಮ್ಮ ಮೇಲೆ ಸಿಟ್ಟೇನಿಲ್ಲ. ಆದ್ರೆ ಪ್ರೀತಿ ಅಂತಲೂ ಇನ್ನೂ ಏನೂ ಅನಿಸ್ತಿಲ್ಲ." ಇವರು ಟವೆಲ್ ಮಡಚುತ್ತಲೇ, "ನನಗೂ ಹಾಗೇ. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ" ಅಂದರು. ಅವತ್ತಿನಿಂದ ನಾಟಕ ತಪ್ಪಿತು. ಈ ಮಾತನ್ನು ಎರಡೂ ಮನೆಯವರ ಕಿವಿಗೆ ಹಾಕುವುದು ಬೇಡ ಅಂತಲೂ ಆಗಲೇ ಒಪ್ಪಿಕೊಂಡೆವು. ಹಾಕಿದ್ದರೆ ಪಂಚಾಯ್ತಿ ಸೇರುತ್ತಿತ್ತು.

ರಾತ್ರಿಯ ವಿಷಯವನ್ನೂ ಅವತ್ತೇ ಮಾತಾಡಿದೆವು. ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಇನ್ನೊಬ್ಬರು ಕಾರಣ ಕೇಳಬಾರದು, ಬೆಳಿಗ್ಗೆ ಮುಖ ಊದಿಸಿಕೊಂಡು ಓಡಾಡಬಾರದು. ಇಷ್ಟು ಹೇಳಲು ನನಗೆ ನಾಚಿಕೆಯಿಂದ ಬೆವರು ಬಂದಿತ್ತು. ಆದರೆ ಸಂಜೆ ಆಗುತ್ತಿದ್ದಂತೆ ಹೊಟ್ಟೆಯಲ್ಲಿ ಏಳುತ್ತಿದ್ದ ತಳಮಳ ಆಮೇಲೆ ನಿಂತಿತು.

ಎದುರುಬದುರು ಕೂತು ಮಾತಾಡುವುದು ನಮಗೆ ಒಗ್ಗಲಿಲ್ಲ. "ನಿನ್ನ ಬಗ್ಗೆ ಹೇಳು" ಅಂದರೆ ಇಂಟರ್ವ್ಯೂ ಥರ ಆಗುತ್ತಿತ್ತು. ಅದಕ್ಕೇ ಶನಿವಾರ ತರಕಾರಿ ತರಲು ಜೊತೆಗೆ ನಡೆದೇ ಹೋಗುವುದು ರೂಢಿ ಮಾಡಿಕೊಂಡೆವು. ಕಣ್ಣು ದಾರಿಯ ಮೇಲೆ, ಕೈಯಲ್ಲಿ ಚೀಲ. ಆಗ ಮಾತು ತಾನಾಗಿಯೇ ಬರುತ್ತಿತ್ತು. ಒಂದು ದಿನ ದಂಟಿನ ಸೊಪ್ಪು ಆರಿಸುತ್ತಾ, "ನಿಮ್ಮ ಮನೇಲಿ ಉಪ್ಸಾರಿನ ಖಾರಕ್ಕೆ ಏನೇನು ಹಾಕ್ತಾರೆ?" ಅಂದೆ. ಹಸಿಮೆಣಸಿನಕಾಯಿಯಿಂದ ಶುರುವಾದ ಕಥೆ, ಇವರ ಅಪ್ಪ ಗದ್ದೆ ಮಾರಿ ಓದಿಸಿದ್ದರವರೆಗೆ ಹೋಯಿತು. ಹುಡುಗಿ ನೋಡುವ ಶಾಸ್ತ್ರದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ದುಡ್ಡು ಇನ್ನೊಂದು ಮುಳ್ಳು. ಮದುವೆಗಾಗಿ ನಾನು ಊರಿನ ಶಾಲೆಯ ಕೆಲಸ ಬಿಟ್ಟಿದ್ದೆ. ಹಾಲಿಗೆ, ಕರೆನ್ಸಿಗೆ ಪ್ರತಿ ಸಲ ಕೇಳುವಾಗ ಯಾರದೋ ಮನೆಯಲ್ಲಿ ಇದ್ದೇನೆ ಅನಿಸುತ್ತಿತ್ತು. ಸಲುಗೆ ಇಲ್ಲದವರ ಹತ್ತಿರ ಕೈಚಾಚುವುದು ಕಷ್ಟ, ಅಲ್ವಾ? ಕೊನೆಗೆ ಕೇಳಿಯೇ ಬಿಟ್ಟೆ. ತಿಂಗಳ ಒಂದನೇ ತಾರೀಖು ಮನೆ ಖರ್ಚು ನನ್ನ ಖಾತೆಗೆ ಬರುವ ಹಾಗಾಯಿತು. ಅದರಲ್ಲೇ ನನ್ನ ಕೈಖರ್ಚೂ ಸೇರಿತ್ತು, ಅದಕ್ಕೆ ಲೆಕ್ಕ ಕೊಡಬೇಕಿರಲಿಲ್ಲ.

ಇಷ್ಟೆಲ್ಲ ನಡೆದದ್ದು ಇವರು ನಿಧಾನಸ್ಥರು, ಆದರೆ ಮರ್ಯಾದೆ ಇರುವವರು ಅನ್ನುವುದರಿಂದ. ಮಾತು ಹುಟ್ಟದಿರುವುದೇ ಬೇರೆ, ಮಾತಾಡಲು ಹೆದರುವುದೇ ಬೇರೆ. ಗಂಡ ಫೋನ್ ಕಿತ್ತುಕೊಂಡರೆ, ತವರಿಗೆ ಮಾತಾಡಲು ಬಿಡದಿದ್ದರೆ, ಬೇಡ ಅಂದರೂ ಬಲವಂತ ಮಾಡಿದರೆ ಅದಕ್ಕೆ "ಹೊಂದಿಕೊಳ್ಳಬೇಕು" ಅನ್ನುವ ಬುದ್ಧಿಮಾತು ಸಲ್ಲದು. ಅಂಥವರು ತವರಿಗೆ ಹೇಳಬೇಕು, ಇಲ್ಲ 181ಕ್ಕೆ ಫೋನ್ ಮಾಡಬೇಕು. ಅದು ಮಹಿಳಾ ಸಹಾಯವಾಣಿ.

ಮೊದಲ ಆಷಾಢಕ್ಕೆ ಪದ್ಧತಿಯಂತೆ ತವರಿಗೆ ಹೋದೆ. ನಾವಿದ್ದದ್ದು ಬೆಂಗಳೂರಿನಲ್ಲಿ, ಅತ್ತೆ ಊರಲ್ಲಿ. ಅತ್ತೆ ಸೊಸೆ ಒಂದೇ ಹೊಸಿಲು ದಾಟುವ ಪ್ರಶ್ನೆಯೇ ಇರಲಿಲ್ಲ, ಆದರೂ ಕಳಿಸಿದರು. ನೆನಪಾಗಿ ಕಣ್ಣೀರೇನೂ ಬರಲಿಲ್ಲ. ಅಮ್ಮನ ಕೈ ಅಡುಗೆ ತಿಂದು ಆರಾಮಾಗಿ ನಿದ್ದೆ ಮಾಡಿದೆ. ಆದರೆ ಫೋನಿನ ಮಾತು ಬದಲಾಗಿತ್ತು. ಕುಕ್ಕರ್ ಗ್ಯಾಸ್ಕೆಟ್ ಎಲ್ಲಿದೆ, ಮೇಲಿನ ಮನೆಯವರು ಮತ್ತೆ ಜಗಳ ಆಡಿದರಾ, ತರಕಾರಿಯವಳು ಏನಂದಳು? ಇಬ್ಬರಿಗೂ ಗೊತ್ತಿರುವ ಒಂದು ಪ್ರಪಂಚ ಆಗಿತ್ತು. ಇವರಿಗೆ ಹೇಳಬೇಕು ಅಂತ ಸಂಜೆಯವರೆಗೆ ಒಂದೊಂದು ವಿಷಯ ಎತ್ತಿಟ್ಟುಕೊಳ್ಳುತ್ತಿದ್ದೆ. ಶ್ರಾವಣಕ್ಕೆ ವಾಪಸ್ ಬಂದ ಮೇಲೆ, ಪಕ್ಕದಲ್ಲಿ ಇವರಿದ್ದರೆ ಬಿಗುಮಾನ ಅನಿಸುತ್ತಿರಲಿಲ್ಲ.

ಆಗ ಎದ್ದದ್ದು "ಏನಾದ್ರೂ ವಿಶೇಷ ಇದ್ಯಾ?" ಅನ್ನುವ ಪ್ರಶ್ನೆ. ನಮ್ಮ ಕಡೆಯವರು ಕೇಳಿದರೆ ನಾನು, ಇವರ ಕಡೆಯವರು ಕೇಳಿದರೆ ಇವರೇ ಉತ್ತರ ಕೊಡಬೇಕು ಅಂತ ಹಂಚಿಕೊಂಡೆವು. ಇವರ ದೊಡ್ಡಮ್ಮ ನನ್ನನ್ನು ಕೇಳಿದಾಗಲೆಲ್ಲ, "ನಿಮ್ಮ ಮಗನನ್ನೇ ಕೇಳಿ ದೊಡ್ಡತ್ತೆ" ಅಂತ ಫೋನ್ ಇವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತೇನೆ.